ಕ್ಲೌಡ್ ಆಪ್ಟಿಮೈಸ್ಡ್ ಜಿಯೋಟಿಫ್

ಕ್ಲೌಡ್ ಆಪ್ಟಿಮೈಸ್ಡ್ ಜಿಯೋಟಿಫ್ (ಸಂಕ್ಷಿಪ್ತವಾಗಿ ಸಿಒಜಿ) ಎಂಬುದು ಉಪಗ್ರಹ ಚಿತ್ರ, ಭೂಎತ್ತರದ ಮಾದರಿ ಮೊದಲಾದ ದೊಡ್ಡ ರಾಸ್ಟರ್ ದತ್ತಾಂಶವನ್ನು ಅಂತರಜಾಲದಲ್ಲಿ ಇರಿಸಿ, ಇಡೀ ಕಡತವನ್ನು ಇಳಿಸಿಕೊಳ್ಳದೆ ಬೇಕಾದ ಭಾಗವನ್ನಷ್ಟೇ ಓದಲು ಅನುಕೂಲವಾಗುವಂತೆ ಜೋಡಿಸಿದ ಜಿಯೋಟಿಫ್ ಕಡತವಾಗಿದೆ. ಇದು ಹೊಸ ಕಡತ ಸ್ವರೂಪವಲ್ಲ. ಸಾಮಾನ್ಯ ಜಿಯೋಟಿಫ್ ತೆರೆಯಬಲ್ಲ ಯಾವುದೇ ತಂತ್ರಾಂಶ ಇದನ್ನೂ ತೆರೆಯುತ್ತದೆ. ವ್ಯತ್ಯಾಸವಿರುವುದು ಕಡತದೊಳಗೆ ಬೈಟ್‌ಗಳನ್ನು ಯಾವ ಕ್ರಮದಲ್ಲಿ ಇಡಲಾಗಿದೆ ಎಂಬುದರಲ್ಲಿ ಮಾತ್ರ.

ಟಿಫ್ ಸ್ವರೂಪವನ್ನು ಆಲ್ಡಸ್ ಸಂಸ್ಥೆಯು 1986ರಲ್ಲಿ ಹೊರತಂದಿತು. ಚಿತ್ರವನ್ನು ಚೌಕಗಳಾಗಿ ವಿಂಗಡಿಸಿ ಇಡುವ ವಿಧಾನವು 1992ರ ಟಿಫ್ 6.0 ಆವೃತ್ತಿಯಲ್ಲಿಯೇ ಇದೆ. ಭೌಗೋಳಿಕ ಸ್ಥಾನದ ಮಾಹಿತಿಯನ್ನು ಹೊತ್ತ ಟಿಫ್ ಕಡತವೇ ಜಿಯೋಟಿಫ್. ರಾಸ್ಟರ್ ದತ್ತಾಂಶವನ್ನು ಓದಿ ಬರೆಯುವ ಮುಕ್ತ ತಂತ್ರಾಂಶ ಗ್ರಂಥಾಲಯವಾದ ಜಿಡಿಎಎಲ್‌ನ 3.1ನೇ ಆವೃತ್ತಿಯಲ್ಲಿ (2020) ಸಿಒಜಿ ಬರೆಯುವ ಪ್ರತ್ಯೇಕ ಸೌಲಭ್ಯವು ಸೇರಿತು. 2023ರಲ್ಲಿ ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಟಿಯಂ ಇದನ್ನು ಮಾನಕವಾಗಿ ಪ್ರಕಟಿಸಿತು.

ಈ ಲೇಖನದಲ್ಲಿ ಕೊಪ್ಪಳ ಜಿಲ್ಲೆಯ ಸೆಂಟಿನೆಲ್-2 ಉಪಗ್ರಹ ಚಿತ್ರವೊಂದನ್ನು ಉದಾಹರಣೆಯಾಗಿ ಇಟ್ಟುಕೊಂಡು, ಸಿಒಜಿಯನ್ನು ಸಿದ್ಧಪಡಿಸುವ, ಪರೀಕ್ಷಿಸುವ ಮತ್ತು ಓದುವ ಕ್ರಮವನ್ನು ವಿವರಿಸಲಾಗಿದೆ.

## ಉದಾಹರಣೆಯ ಚಿತ್ರ

ಐರೋಪ್ಯ ಒಕ್ಕೂಟದ ಕೋಪರ್ನಿಕಸ್ ಕಾರ್ಯಕ್ರಮದ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಉಚಿತವಾಗಿ ದೊರೆಯುತ್ತವೆ. ಅವನ್ನು ಸುಮಾರು 110 ಕಿ.ಮೀ. ಉದ್ದ, ಅಷ್ಟೇ ಅಗಲದ ಹಾಳೆಗಳಾಗಿ ವಿಂಗಡಿಸಿ ಹಂಚಲಾಗುತ್ತದೆ. ಪ್ರತಿ ಹಾಳೆಗೂ ಒಂದು ಸಂಕೇತವಿರುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ಈ ನಾಲ್ಕೂ ಪಟ್ಟಣಗಳು 43PFT ಎಂಬ ಒಂದೇ ಹಾಳೆಯೊಳಗೆ ಬರುತ್ತವೆ. ಗಂಗಾವತಿ, ಮರಳಿ ಮೊದಲಾದ ಊರುಗಳ ಸುತ್ತ ತುಂಗಭದ್ರಾ ಎಡದಂಡೆ ನಾಲೆಯ ನೀರಿನಿಂದ ಭತ್ತ ಬೆಳೆಯುವ ಗದ್ದೆಗಳಿವೆ. ಅದೇ ಹಾಳೆಯ ಉತ್ತರ ಭಾಗದಲ್ಲಿ ಕುಷ್ಟಗಿಯ ಮಳೆಯಾಶ್ರಿತ ಹೊಲಗಳಿವೆ. ನಾಲೆಯ ನೀರು ಯಾವ ಗದ್ದೆಗಳವರೆಗೆ ತಲುಪಿದೆ, ಎರಡನೇ ಬೆಳೆ ಎಲ್ಲಿ ನಿಂತಿದೆ ಎಂಬುದನ್ನು ತಿಳಿಯಲು ಸಮೀಪದ ಅವಕೆಂಪು ಕಿರಣಗಳನ್ನು ದಾಖಲಿಸುವ B08 ಎಂಬ ಪಟ್ಟಿಕೆಯು ಉಪಯುಕ್ತ. ಹಸಿರು ಬೆಳೆಯು ಈ ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ, ನೀರು ಬಹುತೇಕ ಹೀರಿಕೊಳ್ಳುತ್ತದೆ.

B08 ಪಟ್ಟಿಕೆಯ ಒಂದು ಪಿಕ್ಸೆಲ್ ನೆಲದ ಮೇಲಿನ 10 ಮೀಟರ್ ಚೌಕಕ್ಕೆ ಸಮ. ಒಂದು ಹಾಳೆಯಲ್ಲಿ 10,980 ಸಾಲುಗಳೂ ಪ್ರತಿ ಸಾಲಿನಲ್ಲಿ 10,980 ಪಿಕ್ಸೆಲ್‌ಗಳೂ ಇರುತ್ತವೆ. ಪ್ರತಿ ಪಿಕ್ಸೆಲ್‌ಗೆ 2 ಬೈಟ್ ಬೇಕಾಗುವುದರಿಂದ, ಸಂಕುಚನವಿಲ್ಲದಿದ್ದರೆ ಈ ಒಂದೇ ಪಟ್ಟಿಕೆಯ ಗಾತ್ರ 24,11,20,800 ಬೈಟ್, ಅಂದರೆ ಸುಮಾರು 241 ಎಂಬಿ ಆಗುತ್ತದೆ. ಆದರೆ ಗಂಗಾವತಿ ಪಟ್ಟಣದ ಸುತ್ತಲಿನ 5 ಕಿ.ಮೀ. ಚೌಕವನ್ನಷ್ಟೇ ನೋಡಬಯಸುವವರಿಗೆ ಬೇಕಾಗಿರುವುದು 500 × 500 ಪಿಕ್ಸೆಲ್, ಅಂದರೆ 5 ಲಕ್ಷ ಬೈಟ್ ಮಾತ್ರ. ಇದು ಇಡೀ ಚಿತ್ರದ ಸುಮಾರು 480ರಲ್ಲಿ ಒಂದು ಪಾಲು.

## ಭಾಗಶಃ ಓದುವಿಕೆಯ ತತ್ತ್ವ

ಜಾಲತಾಣಗಳು ಬಳಸುವ ಎಚ್‌ಟಿಟಿಪಿ ನಿಯಮಾವಳಿಯಲ್ಲಿ `Range` ಎಂಬ ಸೌಲಭ್ಯವಿದೆ. ಇದರ ಮೂಲಕ ಒಂದು ಕಡತದ ಇಂತಿಷ್ಟನೇ ಬೈಟ್‌ನಿಂದ ಇಂತಿಷ್ಟನೇ ಬೈಟ್‌ವರೆಗೆ ಮಾತ್ರ ಕಳುಹಿಸುವಂತೆ ಸರ್ವರ್‌ಗೆ ಮನವಿ ಸಲ್ಲಿಸಬಹುದು. ವಿಡಿಯೊವನ್ನು ನಡುವಿನಿಂದ ನೋಡಲು ಸಾಧ್ಯವಾಗುವುದೂ ಇದೇ ಸೌಲಭ್ಯದಿಂದ. ಆದರೆ ಹೀಗೆ ಕೇಳಬೇಕಾದರೆ, ಬೇಕಾದ ಪಿಕ್ಸೆಲ್‌ಗಳು ಕಡತದ ಯಾವ ಬೈಟ್‌ಗಳಲ್ಲಿವೆ ಎಂಬುದು ಮೊದಲೇ ಗೊತ್ತಿರಬೇಕು. ಜೊತೆಗೆ ಆ ಬೈಟ್‌ಗಳು ಕಡತದ ತುಂಬ ಚದುರಿರದೆ ಒಂದೆಡೆ ಇರಬೇಕು. ಸಿಒಜಿಯ ರಚನೆಯು ಈ ಎರಡು ಅಗತ್ಯಗಳನ್ನು ಪೂರೈಸುತ್ತದೆ.

### ಚೌಕಗಳು

ಸಾಮಾನ್ಯ ಜಿಯೋಟಿಫ್ ಕಡತದಲ್ಲಿ ಪಿಕ್ಸೆಲ್‌ಗಳನ್ನು ಹೆಚ್ಚಾಗಿ ಸಾಲುಸಾಲಾಗಿ, ಚಿತ್ರದ ಪೂರ್ಣ ಅಗಲದ ಪಟ್ಟಿಗಳಾಗಿ ಇಡಲಾಗುತ್ತದೆ. ಉದಾಹರಣೆಯ ಚಿತ್ರದಲ್ಲಿ ಒಂದು ಸಾಲಿಗೆ 21,960 ಬೈಟ್ ಬೇಕು. ಗಂಗಾವತಿಯ ಚೌಕವು 500 ಸಾಲುಗಳನ್ನು ಹಾದು ಹೋಗುತ್ತದೆ. ಸಂಕುಚಿತ ಪಟ್ಟಿಯೊಂದನ್ನು ನಡುವಿನಿಂದ ಬಿಡಿಸಲು ಆಗುವುದಿಲ್ಲವಾದ್ದರಿಂದ ಆ 500 ಸಾಲುಗಳನ್ನೂ ಪೂರ್ತಿ ತರಬೇಕಾಗುತ್ತದೆ. ಸಂಕುಚನ ಪೂರ್ವದ ಲೆಕ್ಕದಲ್ಲಿ ಅದು 1,09,80,000 ಬೈಟ್. ಗಂಗಾವತಿಗಾಗಿ ಯಲಬುರ್ಗಾದ ದಿಕ್ಕಿನಿಂದ ಹಾಳೆಯ ಪೂರ್ವದ ಅಂಚಿನವರೆಗಿನ ನೆಲವೆಲ್ಲ ಜೊತೆಗೆ ಬಂದಂತಾಯಿತು.

ಸಿಒಜಿಯಲ್ಲಿ ಚಿತ್ರವನ್ನು ಸಾಮಾನ್ಯವಾಗಿ 512 × 512 ಪಿಕ್ಸೆಲ್‌ಗಳ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕವನ್ನೂ ಪ್ರತ್ಯೇಕವಾಗಿ ಸಂಕುಚಿಸಿ ಇಡಲಾಗುತ್ತದೆ. ಉದಾಹರಣೆಯ ಹಾಳೆಗೆ ಅಡ್ಡಲಾಗಿ 22, ಉದ್ದವಾಗಿ 22, ಒಟ್ಟು 484 ಚೌಕಗಳಾಗುತ್ತವೆ. ನೆಲದ ಮೇಲೆ ಒಂದು ಚೌಕದ ಬದಿ 5.12 ಕಿ.ಮೀ. ಆದ್ದರಿಂದ 5 ಕಿ.ಮೀ. ಅಗಲದ ಪ್ರದೇಶವು ಎಲ್ಲಿಯೇ ಬಿದ್ದರೂ ಹೆಚ್ಚೆಂದರೆ ನಾಲ್ಕು ಚೌಕಗಳನ್ನು ಮಾತ್ರ ತಾಗುತ್ತದೆ. ನಾಲ್ಕು ಚೌಕಗಳ ಒಟ್ಟು ಗಾತ್ರ, ಸಂಕುಚನ ಪೂರ್ವದಲ್ಲಿ, 20,97,152 ಬೈಟ್. ಇದು ಪಟ್ಟಿಗಳ ವಿಧಾನದಲ್ಲಿ ಬೇಕಾದುದರ ಐದರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ.

### ಓವರ್‌ವ್ಯೂಗಳು

ಚೌಕಗಳಿಂದ ಚಿಕ್ಕ ಪ್ರದೇಶವನ್ನು ಓದುವುದು ಸುಲಭವಾಗುತ್ತದೆ. ಆದರೆ ಇಡೀ ಹಾಳೆಯನ್ನು ಒಮ್ಮೆಗೆ ಪರದೆಯ ಮೇಲೆ ನೋಡಬೇಕಾದರೆ 484 ಚೌಕಗಳೂ ಬೇಕಾಗುತ್ತವೆ. ಇದನ್ನು ತಪ್ಪಿಸಲು ಚಿತ್ರದ ಚಿಕ್ಕ ಪ್ರತಿಗಳನ್ನು ಅದೇ ಕಡತದೊಳಗೆ ಇಡಲಾಗುತ್ತದೆ. ಇವನ್ನು ಓವರ್‌ವ್ಯೂ ಎನ್ನುತ್ತಾರೆ. ಪ್ರತಿ ಹಂತವೂ ಹಿಂದಿನದರ ಅರ್ಧ ಅಗಲ, ಅರ್ಧ ಎತ್ತರ ಹೊಂದಿರುತ್ತದೆ. 10,980 ಪಿಕ್ಸೆಲ್ ಅಗಲದ ಚಿತ್ರಕ್ಕೆ 5490, 2745, 1372, 686 ಮತ್ತು 343 ಪಿಕ್ಸೆಲ್ ಅಗಲದ ಐದು ಹಂತಗಳು ಬರುತ್ತವೆ. ಕೊನೆಯ ಹಂತವು ಒಂದೇ ಚೌಕದೊಳಗೆ ಹಿಡಿಸುವುದರಿಂದ ಅಲ್ಲಿಗೆ ನಿಲ್ಲಿಸಲಾಗುತ್ತದೆ. 700 ಪಿಕ್ಸೆಲ್ ಅಗಲದ ಕಿಟಕಿಯಲ್ಲಿ ಇಡೀ ಹಾಳೆಯನ್ನು ತೋರಿಸಲು 686ರ ಹಂತದ ನಾಲ್ಕು ಚೌಕಗಳು ಸಾಕು. ಎಲ್ಲ ಓವರ್‌ವ್ಯೂಗಳು ಸೇರಿದರೂ ಪಿಕ್ಸೆಲ್‌ಗಳ ಸಂಖ್ಯೆ ಹೆಚ್ಚುವುದು ಮೂಲದ ಸುಮಾರು ಮೂರನೇ ಒಂದರಷ್ಟು ಮಾತ್ರ.

### ಮುಂಭಾಗದ ಸೂಚಿ

ಪ್ರತಿ ಟಿಫ್ ಕಡತದಲ್ಲಿಯೂ ಚಿತ್ರದ ಅಳತೆ, ಸಂಕುಚನದ ವಿಧಾನ, ಪ್ರತಿ ಚೌಕ ಆರಂಭವಾಗುವ ಸ್ಥಾನ ಹಾಗೂ ಅದರ ಉದ್ದವನ್ನು ದಾಖಲಿಸುವ ಸೂಚಿಯೊಂದು ಇರುತ್ತದೆ. ಟಿಫ್ ನಿಯಮದ ಪ್ರಕಾರ ಇದು ಕಡತದ ಎಲ್ಲಿ ಬೇಕಾದರೂ ಇರಬಹುದು, ಕೊನೆಯಲ್ಲಿಯೂ ಇರಬಹುದು. ಸಿಒಜಿಯಲ್ಲಿ ಮೂಲ ಚಿತ್ರದ ಸೂಚಿ, ಅದರ ಬೆನ್ನಿಗೆ ಓವರ್‌ವ್ಯೂಗಳ ಸೂಚಿಗಳು ಕಡತದ ಆರಂಭದಲ್ಲಿಯೇ ಇರುತ್ತವೆ. ಜಿಡಿಎಎಲ್ ಬರೆಯುವ ಕಡತದಲ್ಲಿ ಅದರ ನಂತರ ಅತಿ ಚಿಕ್ಕ ಓವರ್‌ವ್ಯೂನಿಂದ ತೊಡಗಿ ದೊಡ್ಡದರ ಕಡೆಗೆ ಪಿಕ್ಸೆಲ್ ದತ್ತಾಂಶ ಬರುತ್ತದೆ. ಮೂಲ ಚಿತ್ರದ ಚೌಕಗಳು ಕೊನೆಯಲ್ಲಿರುತ್ತವೆ.

ಉದಾಹರಣೆಯ ಚಿತ್ರದಲ್ಲಿ ಮೂಲದ 484 ಚೌಕಗಳೂ ಓವರ್‌ವ್ಯೂಗಳ 171 ಚೌಕಗಳೂ ಸೇರಿ ಒಟ್ಟು 655 ಆಗುತ್ತವೆ. ಪ್ರತಿ ಚೌಕದ ಸ್ಥಾನಕ್ಕೆ 4, ಉದ್ದಕ್ಕೆ 4 ಬೈಟ್ ಎಂದು ಹಿಡಿದರೆ ಸೂಚಿಯ ಈ ಭಾಗಕ್ಕೆ 5,240 ಬೈಟ್ ಸಾಕು. ಜಿಡಿಎಎಲ್ ದೂರದ ಕಡತವನ್ನು ತೆರೆದಾಗ ಮೊದಲಿಗೆ 16,384 ಬೈಟ್‌ಗಳನ್ನು ತರುತ್ತದೆ. ಹೀಗಾಗಿ ಮೊದಲ ಮನವಿಯಲ್ಲಿಯೇ ಪೂರ್ಣ ಸೂಚಿಯು ಕೈಗೆ ಸಿಗುತ್ತದೆ.

## ಸಿದ್ಧಪಡಿಸುವ ಕ್ರಮ

ಸೆಂಟಿನೆಲ್-2 ಚಿತ್ರಗಳು ಮೂಲದಲ್ಲಿ ಜೆಪೆಗ್ 2000 ಸ್ವರೂಪದಲ್ಲಿ, `.jp2` ಕಡತಗಳಾಗಿ ದೊರೆಯುತ್ತವೆ. ಇವನ್ನು ಸಿಒಜಿಗೆ ಪರಿವರ್ತಿಸಲು ಜಿಡಿಎಎಲ್‌ನ `gdal_translate` ಆದೇಶವನ್ನು ಬಳಸಬಹುದು. ಮೂಲ ಕಡತದ ಹೆಸರಿನಲ್ಲಿ ಚಿತ್ರ ತೆಗೆದ ದಿನ, ಸಮಯಗಳೂ ಇರುತ್ತವೆ. ಇಲ್ಲಿ ಅದನ್ನು ಮೊಟಕುಗೊಳಿಸಲಾಗಿದೆ.

```
gdal_translate T43PFT_B08_10m.jp2 B08_cog.tif \
  -of COG -a_nodata 0 \
  -co COMPRESS=DEFLATE -co PREDICTOR=YES \
  -co BLOCKSIZE=512 \
  -co OVERVIEWS=IGNORE_EXISTING \
  -co OVERVIEW_RESAMPLING=AVERAGE
```

`-of COG` ಎಂಬುದು ಚೌಕ, ಓವರ್‌ವ್ಯೂ ಮತ್ತು ಸೂಚಿಗಳನ್ನು ಮೇಲೆ ಹೇಳಿದ ಕ್ರಮದಲ್ಲಿ ಇಡುವಂತೆ ಸೂಚಿಸುತ್ತದೆ. `DEFLATE` ಮೌಲ್ಯಗಳು ಸ್ವಲ್ಪವೂ ಬದಲಾಗದಂತೆ ಸಂಕುಚಿಸುವ ವಿಧಾನ. `PREDICTOR=YES` ಎಂದಾಗ ಪ್ರತಿ ಪಿಕ್ಸೆಲ್‌ನ ಮೌಲ್ಯದ ಬದಲು ಅದಕ್ಕೂ ಪಕ್ಕದ ಪಿಕ್ಸೆಲ್‌ಗೂ ಇರುವ ವ್ಯತ್ಯಾಸವನ್ನು ಸಂಕುಚಿಸಲಾಗುತ್ತದೆ. ಅಕ್ಕಪಕ್ಕದ ಗದ್ದೆಗಳ ಮೌಲ್ಯಗಳು ಹತ್ತಿರವಿರುವುದರಿಂದ ವ್ಯತ್ಯಾಸಗಳು ಚಿಕ್ಕ ಸಂಖ್ಯೆಗಳಾಗಿ ಉಳಿದು ಕಡತದ ಗಾತ್ರ ಇಳಿಯುತ್ತದೆ.

ಉಳಿದ ಆಯ್ಕೆಗಳು ಚಿತ್ರದ ಅರ್ಥಕ್ಕೆ ಸಂಬಂಧಿಸಿದವು. ಸೆಂಟಿನೆಲ್-2 ಚಿತ್ರದಲ್ಲಿ ದತ್ತಾಂಶವಿಲ್ಲದ ಪಿಕ್ಸೆಲ್‌ಗಳಿಗೆ 0 ಎಂಬ ಮೌಲ್ಯವಿರುತ್ತದೆ. ಉಪಗ್ರಹದ ಹಾದಿಯು ಹಾಳೆಯ ಒಂದು ಭಾಗವನ್ನಷ್ಟೇ ಆವರಿಸಿದ ದಿನಗಳಲ್ಲಿ ಇಂಥ ಪಿಕ್ಸೆಲ್‌ಗಳು ಬಹಳ ಇರುತ್ತವೆ. `-a_nodata 0` ಎಂದು ತಿಳಿಸದಿದ್ದರೆ, ಓವರ್‌ವ್ಯೂಗಾಗಿ ಸರಾಸರಿ ತೆಗೆಯುವಾಗ ಈ ಸೊನ್ನೆಗಳೂ ಲೆಕ್ಕಕ್ಕೆ ಸೇರಿ ಅಂಚಿನುದ್ದಕ್ಕೂ ಹುಸಿಯಾದ ಕಡಿಮೆ ಮೌಲ್ಯಗಳು ಹುಟ್ಟುತ್ತವೆ. ನೀರಿಗೂ B08 ಮೌಲ್ಯ ಕಡಿಮೆಯೇ ಇರುವುದರಿಂದ ಅಂಥ ಅಂಚನ್ನು ನೀರೆಂದು ತಪ್ಪಾಗಿ ಓದುವ ಸಂಭವವಿದೆ.

`OVERVIEWS=IGNORE_EXISTING` ಆಯ್ಕೆಯನ್ನು ಬಿಟ್ಟುಬಿಡುವುದು ಸಾಮಾನ್ಯ ತಪ್ಪು. ಜೆಪೆಗ್ 2000 ಕಡತವು ತನ್ನೊಳಗೇ ಕಡಿಮೆ ಸ್ಪಷ್ಟತೆಯ ಹಂತಗಳನ್ನು ಹೊಂದಿರುತ್ತದೆ. ಬೇರೇನೂ ಹೇಳದಿದ್ದರೆ ಜಿಡಿಎಎಲ್ ಹೊಸದಾಗಿ ಲೆಕ್ಕ ಹಾಕದೆ ಆ ಹಂತಗಳನ್ನೇ ಓವರ್‌ವ್ಯೂಗಳಾಗಿ ಬಳಸಿಕೊಳ್ಳುತ್ತದೆ. ಆಗ `AVERAGE` ಎಂದು ಬರೆದಿದ್ದರೂ ಅದು ಜಾರಿಗೆ ಬರುವುದಿಲ್ಲ, ದತ್ತಾಂಶವಿಲ್ಲದ ಪಿಕ್ಸೆಲ್‌ಗಳನ್ನು ಬಿಟ್ಟು ಲೆಕ್ಕ ಹಾಕುವುದೂ ಆಗುವುದಿಲ್ಲ. ಕಡತವು ರಚನೆಯ ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದರಿಂದ ಈ ದೋಷವು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

### ವರ್ಗೀಕೃತ ಚಿತ್ರಗಳ ವಿಷಯದಲ್ಲಿ ಎಚ್ಚರಿಕೆ

ಸರಾಸರಿಯ ವಿಧಾನವು B08ನಂಥ ಅಳತೆಯ ಮೌಲ್ಯಗಳಿಗೆ ಮಾತ್ರ ಸೂಕ್ತ. ಸೆಂಟಿನೆಲ್-2ರ ಸಂಸ್ಕರಿತ ಚಿತ್ರಗಳೊಂದಿಗೆ ಬರುವ ಎಸ್‌ಸಿಎಲ್ ಎಂಬ ಪದರದಲ್ಲಿ ಪ್ರತಿ ಸಂಖ್ಯೆಯೂ ಒಂದು ವರ್ಗದ ಹೆಸರು. 4 ಎಂದರೆ ಸಸ್ಯ, 5 ಎಂದರೆ ಸಸ್ಯವಿಲ್ಲದ ನೆಲ, 6 ಎಂದರೆ ನೀರು. ನಾಲೆಯ ನೀರೂ ಭತ್ತದ ಗದ್ದೆಯೂ ಪಕ್ಕಪಕ್ಕದಲ್ಲಿರುವ ಕಡೆ 4 ಮತ್ತು 6ರ ಸರಾಸರಿ ತೆಗೆದರೆ 5 ಬರುತ್ತದೆ. ಅಂದರೆ ಬೆಳೆ ಮತ್ತು ನೀರು ಎರಡೂ ಇರುವ ಜಾಗವು ಓವರ್‌ವ್ಯೂನಲ್ಲಿ ಬರಡು ನೆಲವಾಗಿ ಕಾಣುತ್ತದೆ. ನಕ್ಷೆಯನ್ನು ಹಿಗ್ಗಿಸಿದಾಗ ಮೂಲ ಪಿಕ್ಸೆಲ್‌ಗಳು ಬಂದು ಈ ಬರಡು ನೆಲ ಮಾಯವಾಗುತ್ತದೆ. ಹಿಗ್ಗಿಸುವಾಗ ವರ್ಗಗಳು ಹೀಗೆ ಬದಲಾಗುವುದೇ ಈ ದೋಷದ ಗುರುತು. ಇಂಥ ಪದರಗಳಿಗೆ ಹೆಚ್ಚು ಸಲ ಬಂದ ವರ್ಗವನ್ನು ಆರಿಸುವ `OVERVIEW_RESAMPLING=MODE` ಅಥವಾ ಇರುವ ಪಿಕ್ಸೆಲ್‌ಗಳಲ್ಲಿ ಒಂದನ್ನೇ ಉಳಿಸುವ `NEAREST` ಬಳಸಬೇಕು.

## ಪರೀಕ್ಷೆ

ಸಿದ್ಧವಾದ ಕಡತವನ್ನು `gdalinfo B08_cog.tif` ಆದೇಶದಿಂದ ನೋಡಿದಾಗ `LAYOUT=COG`, `Block=512x512` ಎಂಬ ಸಾಲುಗಳೂ, ಓವರ್‌ವ್ಯೂಗಳ ಐದು ಅಳತೆಗಳೂ ಕಾಣಿಸಬೇಕು. ಇನ್ನೂ ವಿವರವಾದ ಪರಿಶೀಲನೆಗೆ ಜಿಡಿಎಎಲ್‌ನ ಪೈಥಾನ್ ಭಾಗದೊಂದಿಗೆ ಬರುವ ಪರೀಕ್ಷಕವನ್ನು ಬಳಸಬಹುದು.

```
python3 -m osgeo_utils.samples.validate_cloud_optimized_geotiff B08_cog.tif
```

ಒಮ್ಮೆ ಸಿದ್ಧವಾದ ಸಿಒಜಿಯನ್ನು ಅದೇ ಸ್ಥಳದಲ್ಲಿ ತಿದ್ದಬಾರದು. `gdaladdo` ಮೂಲಕ ಓವರ್‌ವ್ಯೂ ಸೇರಿಸಿದರೆ ಅಥವಾ `gdal_edit.py` ಮೂಲಕ ವಿವರಗಳನ್ನು ಬದಲಿಸಿದರೆ, ಹೊಸ ಮಾಹಿತಿಗೆ ಮುಂಭಾಗದಲ್ಲಿ ಜಾಗ ಸಾಲದೆ ಸೂಚಿಯು ಕಡತದ ಕೊನೆಗೆ ಹೋಗಬಹುದು. ಕಡತವು ಎಂದಿನಂತೆಯೇ ತೆರೆಯುತ್ತದೆ, ಚಿತ್ರವೂ ಸರಿಯಾಗಿಯೇ ಕಾಣುತ್ತದೆ. ಆದರೆ ಅಂತರಜಾಲದಲ್ಲಿ ಓದುವಾಗ ಮನವಿಗಳ ಸಂಖ್ಯೆ ಹೆಚ್ಚುತ್ತದೆ. ಬದಲಾವಣೆ ಬೇಕಾದಾಗ ಅದನ್ನು ಮೂಲ ಕಡತದಲ್ಲಿ ಮಾಡಿ ಸಿಒಜಿಯನ್ನು ಹೊಸದಾಗಿ ಬರೆಯುವುದು ಸರಿಯಾದ ಕ್ರಮ.

## ಸರ್ವರ್‌ನಲ್ಲಿ ಇರಿಸುವುದು

ಸಿಒಜಿಗೆ ವಿಶೇಷ ನಕ್ಷೆ ಸರ್ವರ್ ಬೇಕಿಲ್ಲ. `Range` ಮನವಿಗೆ ಸರಿಯಾಗಿ ಉತ್ತರಿಸುವ ಯಾವುದೇ ಸಾಮಾನ್ಯ ಜಾಲ ಸಂಗ್ರಹ ಸಾಕು. ಆ ಉತ್ತರ ಸರಿಯಾಗಿ ಬರುತ್ತಿದೆಯೇ ಎಂಬುದನ್ನು ಕೆಳಗಿನ ಆದೇಶದಿಂದ ತಿಳಿಯಬಹುದು. ಇಲ್ಲಿನ ವಿಳಾಸ ಉದಾಹರಣೆಗೆ ಮಾತ್ರ.

```
curl -s -o /dev/null -D - -r 0-16383 https://example.org/B08_cog.tif
```

ಉತ್ತರದ ಮೊದಲ ಸಾಲಿನಲ್ಲಿ 206 ಎಂಬ ಸಂಖ್ಯೆಯೂ, ಮುಂದೆ `Content-Range: bytes 0-16383/` ಎಂದು ಆರಂಭವಾಗುವ ಸಾಲೂ ಇದ್ದರೆ ಭಾಗಶಃ ಓದುವಿಕೆ ಸಾಧ್ಯ. 206ರ ಬದಲು 200 ಬಂದರೆ ಸರ್ವರ್ ಮನವಿಯ ಮಿತಿಯನ್ನು ಕಡೆಗಣಿಸಿ ಇಡೀ ಕಡತವನ್ನು ಕಳುಹಿಸುತ್ತಿದೆ ಎಂದರ್ಥ. ಅಂಥ ಕಡೆ ಕಡತದ ಒಳಜೋಡಣೆ ಎಷ್ಟೇ ಸರಿಯಿದ್ದರೂ ಪ್ರಯೋಜನವಿಲ್ಲ. ವಿದ್ಯಾರ್ಥಿಗಳು ತಮ್ಮ ಗಣಕದಲ್ಲಿ ಪರೀಕ್ಷೆಗೆಂದು ಬಳಸುವ ಪೈಥಾನ್ 3.12ರ `http.server` ಈ ಬಗೆಯದು. ಅದರಲ್ಲಿ ಪರೀಕ್ಷಿಸಿ ಸಿಒಜಿ ನಿಧಾನವೆಂದು ತೀರ್ಮಾನಿಸುವುದು ತಪ್ಪಾಗುತ್ತದೆ. ಬ್ರೌಸರ್‌ನಲ್ಲಿ ತೆರೆಯುವ ನಕ್ಷೆಯ ಪುಟವು ಬೇರೊಂದು ತಾಣದಲ್ಲಿದ್ದರೆ, ಆ ಪುಟಕ್ಕೆ ಕಡತವನ್ನು ಓದಲು ಸರ್ವರ್ ಪ್ರತ್ಯೇಕವಾಗಿ ಅನುಮತಿ ನೀಡಿರಬೇಕು. ಗಣಕದ ಜಿಡಿಎಎಲ್‌ನಲ್ಲಿ ತೆರೆಯುವ ಕಡತ ಬ್ರೌಸರ್‌ನಲ್ಲಿ ತೆರೆಯದಿರಲು ಇದು ಸಾಮಾನ್ಯ ಕಾರಣ.

## ಗಂಗಾವತಿಯ ಭಾಗವನ್ನು ಓದುವುದು

43PFT ಹಾಳೆಯು ಯುಟಿಎಂ 43 ಉತ್ತರ ವಲಯದ ನಿರ್ದೇಶಾಂಕಗಳನ್ನು ಬಳಸುತ್ತದೆ. ಅದರ ವಾಯವ್ಯ ಮೂಲೆಯು ಪೂರ್ವಕ್ಕೆ 600000, ಉತ್ತರಕ್ಕೆ 1800000 ಮೀಟರ್‌ನಲ್ಲಿದೆ. ಗಂಗಾವತಿ ಪಟ್ಟಣವನ್ನು ಒಳಗೊಂಡ 5 ಕಿ.ಮೀ. ಚೌಕವನ್ನು ಹೀಗೆ ಪಡೆಯಬಹುದು.

```
gdal_translate -projwin 661600 1709000 666600 1704000 \
  /vsicurl/https://example.org/B08_cog.tif gangavathi.tif
```

`-projwin` ನಂತರದ ನಾಲ್ಕು ಸಂಖ್ಯೆಗಳು ಕ್ರಮವಾಗಿ ಪಶ್ಚಿಮ, ಉತ್ತರ, ಪೂರ್ವ ಮತ್ತು ದಕ್ಷಿಣದ ಅಂಚುಗಳು. ವಿಳಾಸದ ಮುಂದಿನ `/vsicurl/` ಎಂಬುದು ಕಡತವನ್ನು ದೂರದಿಂದಲೇ ಭಾಗಶಃ ಓದುವಂತೆ ಜಿಡಿಎಎಲ್‌ಗೆ ತಿಳಿಸುತ್ತದೆ.

ಮೂಲೆಯಿಂದ ಲೆಕ್ಕ ಹಾಕಿದರೆ ಈ ಪ್ರದೇಶವು 6160ನೇ ಕಂಬಸಾಲಿನಿಂದ 6659ರವರೆಗೆ, 9100ನೇ ಅಡ್ಡಸಾಲಿನಿಂದ 9599ರವರೆಗೆ ಇದೆ. ಈ ಸಂಖ್ಯೆಗಳನ್ನು 512ರಿಂದ ಭಾಗಿಸಿದಾಗ, ಸೊನ್ನೆಯಿಂದ ಎಣಿಸಿದರೆ, ಚೌಕಗಳ 12 ಮತ್ತು 13ನೇ ಕಂಬಸಾಲು, 17 ಮತ್ತು 18ನೇ ಅಡ್ಡಸಾಲು ಸಿಗುತ್ತವೆ. ಒಂದು ಅಡ್ಡಸಾಲಿಗೆ 22 ಚೌಕಗಳಿರುವುದರಿಂದ ಬೇಕಾದ ಚೌಕಗಳ ಕ್ರಮಸಂಖ್ಯೆ 386, 387, 408 ಮತ್ತು 409. ಮೊದಲ ಎರಡು ಕಡತದಲ್ಲಿ ಒಂದರ ಪಕ್ಕ ಒಂದಿವೆ, ಕೊನೆಯ ಎರಡೂ ಹಾಗೆಯೇ. ಆದ್ದರಿಂದ ಅವುಗಳನ್ನು ಎರಡು ಜೋಡಿಗಳಾಗಿ ತರಬಹುದು. ಹೀಗೆ ಸೂಚಿಗೆ ಒಂದು, ಪಿಕ್ಸೆಲ್‌ಗಳಿಗೆ ಕೆಲವು ಮನವಿಗಳಲ್ಲಿ ಕೆಲಸ ಮುಗಿಯುತ್ತದೆ. ಮೊಬೈಲ್ ಸಂಪರ್ಕವೊಂದನ್ನೇ ನೆಚ್ಚಿದ ವಿದ್ಯಾರ್ಥಿಯೂ ನಾಲೆಯ ಅಚ್ಚುಕಟ್ಟಿನ ಒಂದು ಭಾಗವನ್ನು ಹಲವು ದಿನಾಂಕಗಳಲ್ಲಿ ಹೋಲಿಸಿ ನೋಡಲು ಇದರಿಂದ ಸಾಧ್ಯವಾಗುತ್ತದೆ. ವಾಸ್ತವದಲ್ಲಿ ಎಷ್ಟು ಮನವಿಗಳು ಹೋದವು ಎಂಬುದನ್ನು `CPL_CURL_VERBOSE=YES` ಎಂಬ ಪರಿಸರ ಚರವನ್ನು ಹೊಂದಿಸಿ ಪರದೆಯ ಮೇಲೆಯೇ ನೋಡಬಹುದು.

## ಮಿತಿಗಳು

ಸಿಒಜಿಯಿಂದ ಉಳಿತಾಯವಾಗುವುದು ಕಡತದ ಒಂದು ಭಾಗ ಮಾತ್ರ ಬೇಕಾದಾಗ. ಹಾಳೆಯ ಪ್ರತಿ ಪಿಕ್ಸೆಲ್ ಅನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕೆಲಸದಲ್ಲಿ ಅಷ್ಟೂ ದತ್ತಾಂಶವನ್ನು ತರಲೇಬೇಕಾಗುತ್ತದೆ. ಜಿಲ್ಲೆಯ ತುಂಬ ಚದುರಿದ ನೂರಾರು ಬಿಂದುಗಳ ಮೌಲ್ಯವನ್ನು ಕೇಳಿದಾಗಲೂ ಲಾಭ ಕಡಿಮೆ. ಒಂದು ಪಿಕ್ಸೆಲ್‌ನ 2 ಬೈಟ್‌ಗಾಗಿ 5,24,288 ಬೈಟ್‌ನ ಚೌಕವನ್ನು, ಸಂಕುಚಿತ ರೂಪದಲ್ಲಿಯಾದರೂ, ಪೂರ್ತಿ ತರಬೇಕು. ಚೌಕವನ್ನು 256ಕ್ಕೆ ಇಳಿಸಿದರೆ ಪ್ರತಿ ಚೌಕದ ಗಾತ್ರ ನಾಲ್ಕನೇ ಒಂದಾಗುತ್ತದೆ, ಆದರೆ ಚೌಕಗಳ ಸಂಖ್ಯೆಯೂ ಸೂಚಿಯ ಉದ್ದವೂ ಸುಮಾರು ನಾಲ್ಕು ಪಟ್ಟಾಗುತ್ತವೆ. ಉದಾಹರಣೆಯ ಹಾಳೆಯಲ್ಲಿ ಆಗ ಸೂಚಿಯು 16,384 ಬೈಟ್‌ಗಳನ್ನು ಮೀರಿ, ತೆರೆಯುವಾಗಲೇ ಇನ್ನೊಂದು ಮನವಿ ಬೇಕಾಗಬಹುದು.

ಒಂದು ಸಿಒಜಿಯಲ್ಲಿ ಸಾಮಾನ್ಯವಾಗಿ ಒಂದು ದಿನದ ಚಿತ್ರವಷ್ಟೇ ಇರುತ್ತದೆ. ಒಂದು ಹಂಗಾಮಿನುದ್ದಕ್ಕೂ ಬೆಳೆಯನ್ನು ಗಮನಿಸಲು ಹಲವು ಕಡತಗಳನ್ನು ತೆರೆಯಬೇಕಾಗುತ್ತದೆ. ಯಾವ ದಿನದ ಕಡತ ಎಲ್ಲಿದೆ ಎಂಬ ಪಟ್ಟಿಯನ್ನು ಸಿಒಜಿ ತಾನಾಗಿ ಒದಗಿಸುವುದಿಲ್ಲ, ಅದಕ್ಕೆ ಪ್ರತ್ಯೇಕ ಸೂಚಿಪಟ್ಟಿ ಬೇಕು. ಅಲ್ಲದೆ ಮುಂಗಾರಿನ ದಿನಗಳಲ್ಲಿ ಬೇಕಾದ ಚೌಕವು ಕ್ಷಣದಲ್ಲಿ ಕೈಗೆ ಬಂದರೂ ಅದರಲ್ಲಿ ಗದ್ದೆಯ ಬದಲು ಮೋಡವೇ ಇರಬಹುದು. ಇದನ್ನು ಮೊದಲೇ ತಿಳಿಯಲು ಅದೇ ಪ್ರದೇಶದ ಎಸ್‌ಸಿಎಲ್ ಪದರವನ್ನು ಓದಿ ನೋಡಬಹುದು. ಅದರ ಪಿಕ್ಸೆಲ್ 20 ಮೀಟರ್‌ನದಾದ್ದರಿಂದ ಅಷ್ಟೇ ನೆಲಕ್ಕೆ ಬೇಕಾಗುವ ದತ್ತಾಂಶ B08ಗಿಂತ ಬಹಳ ಕಡಿಮೆ.